ಆ ‘ಆದರೂ’ ಯಾಕೆ?

ನನ್ನ ಎತ್ತರ 5 ಅಡಿ 1 ಇಂಚು. ತೂಕ 78 ಕೆ.ಜಿ. ಮೈಬಣ್ಣ ಕಪ್ಪು. ಈ ಮೂರು ವಾಕ್ಯ ಬರೆಯುವಾಗ ನನಗೇನೂ ಅನ್ನಿಸಲಿಲ್ಲ. ಓದಿದ ನಿಮಗೂ ಅನ್ನಿಸಿರಲಿಕ್ಕಿಲ್ಲ. ಮನೆ ನಂಬರು, ಪಿನ್‌ಕೋಡು ಹೇಳಿದಷ್ಟೇ ಸಪ್ಪೆಯಾದ ವಿವರಗಳು ಇವು. ಆದರೆ ಇದೇ ವಿವರಗಳನ್ನು ನನ್ನ ಸೋದರತ್ತೆ ಮದುವೆಮನೆಯಲ್ಲಿ ಹೇಳುವ ರೀತಿ ಬೇರೆ: “ಕಪ್ಪಾದ್ರೂ ಲಕ್ಷಣವಾಗಿದಾಳೆ. ಸ್ವಲ್ಪ ಮೈ ಇಳಿಸಿದ್ರೆ ಸಾಕು.”

ಈ ಮಾತಿನಲ್ಲಿ ಬೈಗುಳವಿಲ್ಲ. ಕೇಳಿಸಿಕೊಂಡವರು ಇದನ್ನು ಹೊಗಳಿಕೆ ಎಂದೇ ಲೆಕ್ಕಕ್ಕೆ ಹಿಡಿಯುತ್ತಾರೆ. ನಾನು ಮುಖ ಸಣ್ಣಗೆ ಮಾಡಿಕೊಂಡರೆ “ಒಳ್ಳೇದೇ ಹೇಳಿದ್ರಲ್ಲಮ್ಮ ಅವರು” ಎಂದು ಅಮ್ಮನೇ ನನಗೆ ಸಮಾಧಾನ ಹೇಳುತ್ತಾಳೆ. ಹಾಗಾದರೆ ಚುಚ್ಚಿದ್ದು ಯಾವುದು? ನಾನು ಸಂಶೋಧನೆ ಮಾಡುತ್ತಿರುವುದು ಕನ್ನಡದ ಗುಣವಾಚಕಗಳ ಮೇಲೆ. ಶಂಕರ ಭಟ್ಟರು ‘ಪರಿಚೆಪದ’ ಎಂದು ಕರೆದರಲ್ಲ, ಆ ಜಾತಿಯ ಪದಗಳು. ದೊಡ್ಡ, ಚಿಕ್ಕ, ದಪ್ಪ, ಕಪ್ಪು, ಕುಳ್ಳು, ಸಣ್ಣ ಎಂಬ ಪದಗಳು ವಾಕ್ಯದಲ್ಲಿ ಎಲ್ಲಿ ಕೂರುತ್ತವೆ, ಯಾವ ಪ್ರತ್ಯಯ ಹಚ್ಚಿಕೊಳ್ಳುತ್ತವೆ ಎಂದು ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಹಾಗೆ ನೋಡುತ್ತಾ ನೋಡುತ್ತಾ, ನನ್ನ ಮೈ ಮೇಲೆ ಬಿದ್ದ ಮಾತುಗಳನ್ನೂ ಅದೇ ಟಿಪ್ಪಣಿ ಪುಸ್ತಕಕ್ಕೆ ಸೇರಿಸತೊಡಗಿದೆ. ಅಲ್ಲಿ ಕಂಡದ್ದು ಇಷ್ಟು: ಕ್ರೌರ್ಯ ಹೆಚ್ಚಿನ ಸಲ ಪದದಲ್ಲಿ ಇರುವುದಿಲ್ಲ, ಪದದ ಬಾಲದಲ್ಲಿ ಇರುತ್ತದೆ.

‘ಕರಿ’ ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಕರಿಯಮ್ಮ ಊರು ಕಾಯುವ ದೇವತೆ. ಕರಿಯಪ್ಪ ಎಂಬ ಹೆಸರಿನ ಹಿರಿಯರು ಪ್ರತಿ ಹಳ್ಳಿಯಲ್ಲೂ ಸಿಗುತ್ತಾರೆ. ಕೆಂಚಮ್ಮ, ಕೆಂಚಪ್ಪ ಕೂಡ ಹಾಗೆಯೇ. ಮೈಬಣ್ಣವನ್ನೇ ಹೆಸರಾಗಿ ಇಟ್ಟುಕೊಂಡು, ಅದಕ್ಕೆ ಅಪ್ಪ, ಅಮ್ಮ ಸೇರಿಸಿ ಕೈಮುಗಿದ ಜನ ನಾವು. ಆ ‘ಅಪ್ಪ’ವನ್ನು ಕಿತ್ತುಹಾಕಿ ‘ಏ ಕರಿಯಾ’ ಎಂದು ಕೂಗಿದರೆ ಅದೇ ಬೇರಿನಿಂದ ಬೇರೆ ಮಾತು ಹುಟ್ಟುತ್ತದೆ. ಬೇರು ಬದಲಾಗಿಲ್ಲ, ಬಣ್ಣ ಬದಲಾಗಿಲ್ಲ. ಬದಲಾದದ್ದು ಬಾಲ ಮಾತ್ರ.

ಇನ್ನೊಂದು ಜೋಡಿ ನೋಡಿ. ‘ಅವಳು ದಪ್ಪಗಿದ್ದಾಳೆ’ ಮತ್ತು ‘ಅವಳು ಡುಮ್ಮಿ’. ಮೊದಲನೆಯದರಲ್ಲಿ ‘ಇರು’ ಎಂಬ ಕ್ರಿಯಾಪದವಿದೆ. ಅವಳು ಈಗ ಹೀಗಿದ್ದಾಳೆ ಎಂದಷ್ಟೇ ಅದು ಹೇಳುತ್ತದೆ. ಆ ವಾಕ್ಯದಲ್ಲಿ ‘ಅವಳು’ ಬೇರೆ, ‘ದಪ್ಪ’ ಬೇರೆ. ಎರಡನೆಯದರಲ್ಲಿ ಗುಣವೇ ನಾಮಪದವಾಗಿ ಅವಳ ಜಾಗದಲ್ಲಿ ಬಂದು ಕೂತುಬಿಟ್ಟಿದೆ. ಕನ್ನಡದಲ್ಲಿ ಇದು ಬಹಳ ಸುಲಭ: ಕುಳ್ಳ-ಕುಳ್ಳಿ, ಡುಮ್ಮ-ಡುಮ್ಮಿ, ಕುಂಟ-ಕುಂಟಿ. ಒಂದು ಸ್ವರ ಹಚ್ಚಿದರೆ ಮನುಷ್ಯ ತಯಾರು. ಹಾಗೆ ತಯಾರಾದ ಮೇಲೆ ಅವಳು ಮಾಡುವ ಎಲ್ಲ ಕೆಲಸಕ್ಕೂ ಅದೇ ಕರ್ತೃ. ನನ್ನ ಹಳೆಯ ಹಾಸ್ಟೆಲಿನಲ್ಲಿ ಡುಮ್ಮಿ ಮೆಸ್ಸಿಗೆ ಬರುತ್ತಿದ್ದಳು, ಡುಮ್ಮಿ ಪರೀಕ್ಷೆ ಬರೆಯುತ್ತಿದ್ದಳು, ಡುಮ್ಮಿಗೆ ಜ್ವರ ಬರುತ್ತಿತ್ತು. ಒಂದು ದಿನ ಡುಮ್ಮಿಗೆ ಫೆಲೋಶಿಪ್ ಸಿಕ್ಕಿತು. ಆ ಹೊತ್ತಿಗಾದರೂ ನನ್ನ ಹೆಸರು ವಾಪಸು ಬರುತ್ತದೆ ಎಂದುಕೊಂಡಿದ್ದೆ. “ಡುಮ್ಮಿ ಪಾರ್ಟಿ ಯಾವಾಗ?” ಎಂದರು. ನಕ್ಕೆ. ಅವರಿಗೆ ನನ್ನ ಮೇಲೆ ದ್ವೇಷವಿರಲಿಲ್ಲ. ಬಹುಶಃ ಪ್ರೀತಿಯೇ ಇತ್ತು. ಆದರೆ ನನ್ನ ಬದುಕಿನ ಎಲ್ಲ ಕ್ರಿಯಾಪದಗಳಿಗೂ ನನ್ನ ಹೊಟ್ಟೆಯೇ ಕರ್ತೃವಾಗಿ ಉಳಿಯಿತು.

“ದ್ವಾರಕೀಶ್ ಅವರೇ ತಮ್ಮನ್ನು ಕುಳ್ಳ ಅಂತ ಕರೆದುಕೊಳ್ಳಲಿಲ್ವಾ?” ಎಂದು ಯಾರಾದರೂ ಕೇಳುತ್ತಾರೆ. ನಿಜ. ‘ಕುಳ್ಳ ಏಜೆಂಟ್ 000’, ‘ಕುಳ್ಳ ಕುಳ್ಳಿ’, ‘ಪ್ರಚಂಡ ಕುಳ್ಳ’ ಎಂದು ಪೋಸ್ಟರಿನ ಮೇಲೆ ದೊಡ್ಡ ಅಕ್ಷರದಲ್ಲಿ ಆ ಪದ ಬಂತು. ಜನ ಪ್ರೀತಿಯಿಂದ ‘ಕರ್ನಾಟಕದ ಕುಳ್ಳ’ ಎಂದರು. ಆದರೆ ಅವರು ನಾಯಕನಾಗಿ ನಟಿಸಿದವರು, ಹಣ ಹಾಕಿ ಸಿನಿಮಾ ತೆಗೆದವರು. ಆ ಪದ ಯಾವ ಪೋಸ್ಟರಿಗೆ ಏರಬೇಕು, ಯಾವಾಗ ಇಳಿಯಬೇಕು ಎಂಬುದರಲ್ಲಿ ಅವರ ಕೈಯಿತ್ತು. ಕಾಲೇಜಿನ ಎರಡನೇ ಬೆಂಚಿನಲ್ಲಿ ಕೂತ ಹುಡುಗನಿಗೆ ಆ ಕೈ ಇರುವುದಿಲ್ಲ. ತಾನೇ ಎತ್ತಿಕೊಂಡ ಹೆಸರಿಗೂ ಇತರರು ಹೊರಿಸಿದ ಹೆಸರಿಗೂ ವ್ಯತ್ಯಾಸ ತಿಳಿಯಲು ಒಂದೇ ಪ್ರಶ್ನೆ ಸಾಕು: ನಾಳೆಯಿಂದ ಹಾಗೆ ಕರೆಯಬೇಡಿ ಎಂದರೆ ಅವರು ನಿಲ್ಲಿಸುತ್ತಾರೆಯೆ?

ಹೆಸರಿಡುವುದು ಕಣ್ಣಿಗೆ ಕಾಣುವ ಕ್ರೌರ್ಯ. ನನ್ನ ಅತ್ತೆಯ ‘ಕಪ್ಪಾದ್ರೂ’ ಅದಕ್ಕಿಂತ ನುಣುಪಾದದ್ದು. ಕನ್ನಡದಲ್ಲಿ ‘ಆದರೂ’ ಎರಡು ಸಂಗತಿಗಳನ್ನು ಜೋಡಿಸುತ್ತದೆ, ಆದರೆ ಅವೆರಡಕ್ಕೂ ಜಗಳವಿದೆ ಎಂದು ಮೊದಲೇ ಒಪ್ಪಿಕೊಂಡು ಜೋಡಿಸುತ್ತದೆ. ‘ಮಳೆ ಬಂದರೂ ಆಟ ನಡೆಯಿತು’ ಎಂದರೆ, ಮಳೆ ಬಂದರೆ ಆಟ ನಡೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ‘ಕಪ್ಪಾದರೂ ಲಕ್ಷಣ’ ಎಂದರೆ, ಕಪ್ಪಗಿದ್ದವರು ಲಕ್ಷಣವಾಗಿರುವುದಿಲ್ಲ ಎಂಬುದೂ ಹಾಗೆಯೇ ಎಲ್ಲರಿಗೂ ಗೊತ್ತಿರುವ ಮಾತಾಗಿಬಿಡುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ. ಹಾಗಾಗಿ ಯಾರನ್ನೂ ಹಿಡಿಯಲಾಗುವುದಿಲ್ಲ.

ಅದು ನಿಜವಾಗಿಯೂ ಅಲ್ಲಿದೆಯೇ ಎಂದು ನೋಡಲು ವಾಕ್ಯವನ್ನು ತಿರುಗಿಸಿ. ‘ಬೆಳ್ಳಗಿದ್ದರೂ ಲಕ್ಷಣವಾಗಿದ್ದಾಳೆ.’ ನಗು ಬಂತಲ್ಲ? ವ್ಯಾಕರಣ ಸರಿಯಾಗಿಯೇ ಇದೆ. ತಪ್ಪಾಗಿ ಕೇಳಿಸಿದ್ದು ನಮ್ಮ ಊರಿನ ನಂಬಿಕೆಗೆ ಅದು ಹೊಂದದ್ದರಿಂದ. ‘ಹೆಂಗಸಾದರೂ ಗಾಡಿ ಚೆನ್ನಾಗಿ ಓಡಿಸ್ತಾಳೆ’, ‘ಹಳ್ಳಿಯವನಾದರೂ ಬುದ್ಧಿವಂತ’ ಎಂಬ ಹೊಗಳಿಕೆಗಳಿಗೂ ಇದೇ ಪರೀಕ್ಷೆ ಮಾಡಬಹುದು. ತಿರುಗಿಸಿದಾಗ ನಗು ಬಂದರೆ, ಹೊಗಳಿಕೆಯೊಳಗೆ ಏನೋ ಇಟ್ಟು ಕೊಟ್ಟಿದ್ದಾರೆ ಎಂದರ್ಥ.

ಈ ನಂಬಿಕೆಗೆ ಮಾರುಕಟ್ಟೆಯೂ ಇತ್ತು. 1975ರಲ್ಲಿ ಪೇಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನಲ್ಲೇ ಬಿಳುಪನ್ನೂ ಚೆಲುವನ್ನೂ ‘ಮತ್ತು’ ಎಂದು ಕಟ್ಟಿಹಾಕಿತ್ತು. 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಟ್ಯೂಬಿನ ಮೇಲಿನ ಹೆಸರು ಬದಲಾಯಿಸಿದಷ್ಟು ಸುಲಭವಾಗಿ ಅತ್ತೆಯ ಬಾಯಿಯ ‘ಆದರೂ’ ಬದಲಾಗುವುದಿಲ್ಲ. ಅದು ಅವರಿಗೆ ಅವರ ಅತ್ತೆಯಿಂದ ಬಂದದ್ದು.

ಇಂಥ ಮಾತಿಗೆ ಉತ್ತರ ಕೊಡುವುದು ಯಾಕೆ ಕಷ್ಟ ಎಂಬುದಕ್ಕೂ ಕಾರಣ ವಾಕ್ಯದಲ್ಲೇ ಇದೆ. “ಹೌದು” ಎಂದರೆ ಒಳಗಿನ ನಂಬಿಕೆಯನ್ನೂ ಒಪ್ಪಿಕೊಂಡ ಹಾಗೆ. “ಇಲ್ಲ, ನಾನೇನೂ ಲಕ್ಷಣವಾಗಿಲ್ಲ” ಎಂದರೆ ನಂಬಿಕೆ ಹಾಗೇ ಉಳಿದು, ಇದ್ದ ಒಂದು ಹೊಗಳಿಕೆಯೂ ಹೋಗುತ್ತದೆ. “ನಾನೇನು ಅಷ್ಟು ಕಪ್ಪಲ್ಲ” ಎಂದರಂತೂ ಮುಗಿಯಿತು, ಅತ್ತೆಯ ತಕ್ಕಡಿಯಲ್ಲಿ ನಾವೇ ಏರಿ ಕೂತ ಹಾಗೆ. ಹೌದು, ಇಲ್ಲ ಎರಡೂ ತಲುಪದ ಜಾಗದಲ್ಲಿ ಆ ಮಾತು ಕೂತಿದೆ. ಅದನ್ನು ಮುಟ್ಟಬೇಕಾದರೆ ಅದನ್ನೇ ಹೊರಗೆ ಎಳೆದು ಮಧ್ಯದಲ್ಲಿಡಬೇಕು.

ಕಳೆದ ಮಾಘದಲ್ಲಿ ನನ್ನ ದೊಡ್ಡಪ್ಪನ ಮಗಳ ಮದುವೆಯಲ್ಲಿ ಅದೇ ಮಾತು ಮತ್ತೆ ಬಂತು. ಊಟದ ಪಂಕ್ತಿ ಏಳುವ ಹೊತ್ತು. ಅತ್ತೆಯ ಪಕ್ಕದಲ್ಲಿ ಅವರ ನಾದಿನಿ, ಇನ್ನಿಬ್ಬರು ಹೆಂಗಸರು. ನಾನು ಒಂದು ಉಸಿರು ಎಳೆದು ಬಿಟ್ಟೆ. ನಗಲಿಲ್ಲ. ಇದು ಮುಖ್ಯ, ಯಾಕೆಂದರೆ ಇಷ್ಟು ವರ್ಷ ಮೊದಲು ನಗುತ್ತಿದ್ದವಳು ನಾನೇ, ಮತ್ತು ನಾನು ನಕ್ಕ ತಕ್ಷಣ ಉಳಿದವರ ನಗುವಿಗೆ ರಹದಾರಿ ಸಿಗುತ್ತಿತ್ತು. ನಂತರ ಸಣ್ಣ ದನಿಯಲ್ಲಿ, ನಿಜವಾಗಿಯೂ ತಿಳಿದುಕೊಳ್ಳಲು ಕೇಳುವ ಹಾಗೆ ಕೇಳಿದೆ: “ಆ ‘ಆದ್ರೂ’ ಯಾಕೆ ಅತ್ತೆ?”

“ಏನು?”

“ಕಪ್ಪಾದ್ರೂ ಅಂದ್ರಲ್ಲ. ಕಪ್ಪಗಿದಾಳೆ, ಲಕ್ಷಣವಾಗಿದಾಳೆ ಅನ್ನಬಹುದಲ್ವಾ?”

ಅತ್ತೆ ಒಂದು ಗಳಿಗೆ ಸುಮ್ಮನಿದ್ದರು. “ಅಯ್ಯೋ, ಮಾತಿಗೆ ಹೇಳ್ದೆ ಕಣೇ. ನಿನ್ನ ಓದು ಜಾಸ್ತಿ ಆಯ್ತು” ಎಂದರು. “ಅದೂ ಇರಬಹುದು” ಎಂದೆ. “ಪಾಯಸ ತಗೊಂಡ್ರಾ?” ಎಂದು ಕೇಳಿ ಮಾತು ಮುಂದಕ್ಕೆ ತಳ್ಳಿದೆ. ಅಷ್ಟೆ. ಅವರ ಮನಸ್ಸು ಬದಲಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ಪಕ್ಕದಲ್ಲಿ ಕೂತಿದ್ದ ನಾದಿನಿ, ಅವರೂ ನನ್ನ ಬಣ್ಣದವರೇ, ಎಲೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು.

ಇದರಲ್ಲಿ ನಾನು ಮಾಡಿದ ಕೆಲಸಗಳನ್ನು ಬಿಡಿಸಿ ಹೇಳುವುದಾದರೆ ಮೂರೇ. ನಗದೆ ಒಂದು ಉಸಿರಿನಷ್ಟು ಕಾದದ್ದು. ಅವರ ಪದವನ್ನೇ, ನನ್ನದೇನನ್ನೂ ಸೇರಿಸದೆ, ಪ್ರಶ್ನೆಯಾಗಿ ವಾಪಸು ಕೊಟ್ಟದ್ದು. ಅವರು ತಪ್ಪಿಸಿಕೊಳ್ಳಲು ನೋಡಿದಾಗ ಬಾಗಿಲು ಅಡ್ಡಗಟ್ಟದೆ ಬಿಟ್ಟದ್ದು. ಮೂರನೆಯದು ಎಲ್ಲಕ್ಕಿಂತ ಕಷ್ಟ. ಗೆದ್ದೆ ಎನ್ನಿಸಿದಾಗ ಇನ್ನೆರಡು ಮಾತು ಸೇರಿಸುವ ಆಸೆ ಬರುತ್ತದೆ. ಸೇರಿಸಿದರೆ ಅದು ಜಗಳವಾಗಿ, ನಾಳೆ ಊರಲ್ಲಿ ಉಳಿಯುವುದು ನನ್ನ ಪ್ರಶ್ನೆಯಲ್ಲ, ನನ್ನ ಗಂಟಲು.

ಆ ಇನ್ನೆರಡು ಮಾತಿನ ಬಗ್ಗೆ ಯೋಚಿಸುವಾಗ ನನಗೆ ಅಷ್ಟಾವಕ್ರನ ಕತೆ ನೆನಪಾಗುತ್ತದೆ. ಎಂಟು ಕಡೆ ಡೊಂಕಾದ ಮೈಯ ಹುಡುಗ ಜನಕನ ಸಭೆಗೆ ಬರುತ್ತಾನೆ. ಪಂಡಿತರು ನಗುತ್ತಾರೆ. ಅವನೂ ನಗುತ್ತಾನೆ. ಯಾಕೆ ಎಂದು ಕೇಳಿದರೆ, ಇದು ಜ್ಞಾನಿಗಳ ಸಭೆ ಎಂದುಕೊಂಡಿದ್ದೆ, ಚರ್ಮ ನೋಡಿ ಬೆಲೆ ಕಟ್ಟುವ ಚಮ್ಮಾರರ ಸಭೆ ಎಂದು ಗೊತ್ತಿರಲಿಲ್ಲ ಎನ್ನುತ್ತಾನೆ. ಹರಿಕತೆಯಲ್ಲಿ, ಶಾಲೆಯಲ್ಲಿ, ವಾಟ್ಸಾಪಿನಲ್ಲಿ ಈ ಕತೆಯನ್ನು ಅವಮಾನಕ್ಕೆ ಕೊಡಬಹುದಾದ ಅತ್ಯುತ್ತಮ ಉತ್ತರ ಎಂದು ಹೇಳುತ್ತಾರೆ. ನಾನೂ ಚಿಕ್ಕಂದಿನಲ್ಲಿ ಚಪ್ಪಾಳೆ ತಟ್ಟಿದವಳೇ. ಈಗ ಕೇಳಿದರೆ ಒಂದು ಕಡೆ ತಡೆಯುತ್ತದೆ. ಆ ಸಭೆಯಲ್ಲಿ ಚಮ್ಮಾರ ಇರಲೇ ಇಲ್ಲ. ಅವನು ಯಾರನ್ನೂ ನೋಡಿ ನಗಲೂ ಇಲ್ಲ. ತನ್ನ ಪಾಡಿಗೆ ತಾನು ಎಲ್ಲೋ ಕೂತು ಕೆಲಸ ಮಾಡುತ್ತಿದ್ದವನನ್ನು ಎಳೆದು ತಂದು, ಪಂಡಿತರನ್ನು ಬೈಯಲು ಅವನ ಹೆಸರು ಬಳಸಲಾಗಿದೆ. ಮಾದಾರ ಚೆನ್ನಯ್ಯ, ಹರಳಯ್ಯರನ್ನು ಶರಣರೆಂದು ನೆನೆಯುವ ನಾಡಿನಲ್ಲಿ ಕೂತು ಈ ಉತ್ತರವನ್ನು ಹಾಗೇ ನುಂಗುವುದು ನನಗೆ ಆಗುವುದಿಲ್ಲ. ಮೈಗೆ ಬಿದ್ದ ಏಟನ್ನು ಅಷ್ಟಾವಕ್ರ ಮತ್ತೊಬ್ಬರ ಕಸುಬಿಗೆ ದಾಟಿಸಿದ.

ಏಟು ಹೀಗೆ ದಾಟುವುದು ದೊಡ್ಡ ಕತೆಗಳಲ್ಲಿ ಮಾತ್ರವಲ್ಲ. 2017ರಲ್ಲಿ ಬಂದ ರಾಜ್ ಬಿ. ಶೆಟ್ಟರ ‘ಒಂದು ಮೊಟ್ಟೆಯ ಕಥೆ’ ಸಿನಿಮಾದಲ್ಲಿ ತಲೆಕೂದಲು ಉದುರಿದ ಕನ್ನಡ ಮೇಷ್ಟ್ರು ನಾಯಕ. ಅವನನ್ನು ಎಲ್ಲರೂ ಮೊಟ್ಟೆ ಎಂದು ಆಡಿಕೊಳ್ಳುತ್ತಾರೆ. ನಾವು ಅವನ ಪರ ನಿಂತಿರುವಾಗಲೇ, ದಪ್ಪಗಿರುವ ಹುಡುಗಿಯನ್ನು ಕಂಡು ಅವನೇ ಹಿಂಜರಿಯುತ್ತಾನೆ. ಆ ಸಿನಿಮಾದ ಪ್ರಾಮಾಣಿಕತೆ ಇರುವುದು ಅಲ್ಲಿ. ಹಾಗಾಗಿ ಉತ್ತರ ಹುಡುಕುವಾಗ ನನ್ನದೊಂದು ನಿಯಮ: ಆ ಉತ್ತರದಲ್ಲಿ ಇನ್ನೊಬ್ಬರ ಮೈ, ಜಾತಿ, ಕಸುಬು, ವಯಸ್ಸು ಬರಬಾರದು. “ನಿಮ್ಮ ಹಲ್ಲು ನೋಡ್ಕೊಳ್ಳಿ” ಎನ್ನುವುದು ಚುರುಕಾಗಿ ಕೇಳಿಸುತ್ತದೆ, ಆದರೆ ಮೈ ನೋಡಿ ಮನುಷ್ಯರನ್ನು ತೂಗಬಹುದು ಎಂಬ ಆಟದ ನಿಯಮಕ್ಕೆ ಅದೂ ಸಹಿ ಹಾಕುತ್ತದೆ.

ಇನ್ನೊಂದು ಬಗೆಯ ಮಾತು ಪ್ರಶ್ನೆಯ ವೇಷದಲ್ಲಿ ಬರುತ್ತದೆ. “ಯಾಕೆ ಇಷ್ಟು ದಪ್ಪ ಆಗಿದೀಯ?” ಇಲ್ಲಿ ಕೊಕ್ಕೆ ಇರುವುದು ‘ಯಾಕೆ’ಯಲ್ಲಿ. ಅದು ನಮ್ಮಿಂದ ಕಾರಣ ಬೇಡುತ್ತದೆ. ಕಾರಣ ಕೊಡಲು ಹೊರಟರೆ ಥೈರಾಯ್ಡು, ಪಿಸಿಒಡಿ, ಮಾತ್ರೆ, ನಿದ್ದೆಗೆಟ್ಟ ರಾತ್ರಿಗಳು ಎಲ್ಲವನ್ನೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರ ಮುಂದೆ ಬಿಚ್ಚಬೇಕಾಗುತ್ತದೆ. ಕಾರಣ ಸಿಕ್ಕ ಮೇಲೆ ಸಲಹೆ ಶುರು: ಬಿಸಿನೀರಿಗೆ ಜೇನುತುಪ್ಪ, ರಾತ್ರಿ ಚಪಾತಿ. ಇಲ್ಲಿ ‘ಯಾಕೆ’ಗೆ ಉತ್ತರ ಕೊಡದೆ ಉಳಿದದ್ದಕ್ಕೆ ಮಾತ್ರ ಉತ್ತರ ಕೊಡುವುದು ನನಗೆ ಒಗ್ಗಿದ ದಾರಿ. “ಹೂಂ, ಆಗಿದೀನಿ. ನೀವು ಹೇಗಿದೀರಿ?” ‘ಆಗಿದೀನಿ’ ಎಂಬುದು ನಿಜವೇ ಆದ್ದರಿಂದ ಹೇಳಲು ದನಿ ನಡುಗುವುದಿಲ್ಲ. ಮತ್ತೆ ಕೆದಕಿದರೆ, “ಅದು ನನಗೂ ಡಾಕ್ಟರಿಗೂ ಬಿಟ್ಟದ್ದು” ಎಂದು ಒಂದೇ ಸಲ.

ಆದರೆ ಮೈಯ ಬಗ್ಗೆ ಬರುವ ಪ್ರತಿ ಮಾತಿಗೂ ಹೀಗೆ ತಡೆ ಹಾಕಬೇಕಿಲ್ಲ. ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅಜ್ಜಿ, ನಾನು ಬಸ್ಸಿಳಿದು ಮನೆ ಹೊಕ್ಕರೆ ಸಾಕು, “ಎಷ್ಟು ಸೊರಗಿದೀಯ ಮಗಾ” ಎನ್ನುತ್ತಾಳೆ. 78 ಕೆ.ಜಿ.ಯವಳಿಗೆ! ಅವಳ ಕಾಲದಲ್ಲಿ ಸೊರಗುವುದು ಎಂದರೆ ಊಟವಿಲ್ಲದಿರುವುದು, ಜ್ವರ ಬಂದದ್ದು, ಗಂಡನ ಮನೆಯಲ್ಲಿ ಕಷ್ಟವಿರುವುದು. ಮೈ ನೋಡಿ ಅವಳು ಕೇಳುತ್ತಿರುವುದು ನನ್ನ ಬದುಕನ್ನು. ಎರಡನ್ನೂ ಬೇರ್ಪಡಿಸುವುದು ಹೇಗೆ? ಅಜ್ಜಿ ಹೇಳಿದ ಮೇಲೆ ಉತ್ತರಕ್ಕೆ ಕಾಯುತ್ತಾಳೆ, ಮತ್ತು ಎದ್ದು ಮುದ್ದೆಗೆ ನೀರಿಡುತ್ತಾಳೆ. ಅವಳು ನನ್ನನ್ನು ಹೋಲಿಸುವುದು ಹೋದ ಸಲದ ನನ್ನೊಂದಿಗೆ, ಪಕ್ಕದ ಮನೆಯ ಹುಡುಗಿಯೊಂದಿಗಲ್ಲ. ಕೇಳುವವರು ಯಾರೂ ಇಲ್ಲದಾಗಲೂ ಅದನ್ನೇ ಹೇಳುತ್ತಾಳೆ. ಅವಮಾನದ ಮಾತಿಗೆ ಸಾಮಾನ್ಯವಾಗಿ ಮೂರನೆಯ ಕಿವಿಯೊಂದು ಬೇಕಾಗುತ್ತದೆ. ಹೇಳಿದವರ ಕಣ್ಣು ಹೇಳಿಸಿಕೊಂಡವರ ಮೇಲಿರುವುದಿಲ್ಲ, ನಗಬೇಕಾದವರ ಮೇಲಿರುತ್ತದೆ. ಅದನ್ನು ಗಮನಿಸಿ.

ಈ ದಾರಿ ಎಲ್ಲ ಕಡೆ ನಡೆಯುವುದೂ ಇಲ್ಲ. ಮೌಖಿಕ ಪರೀಕ್ಷೆಯಲ್ಲಿ ಎದುರಿಗೆ ಕೂತವರಿಗೆ, ಕೆಲಸ ಕೊಡುವವರಿಗೆ, “ಆ ‘ಆದರೂ’ ಯಾಕೆ ಸರ್?” ಎಂದು ಕೇಳಲು ಎಲ್ಲರಿಗೂ ಆಗುವುದಿಲ್ಲ. ಅಲ್ಲಿ ಸುಮ್ಮನಿರುವುದು ಹೇಡಿತನವಲ್ಲ, ಲೆಕ್ಕ. ಗುಂಪು ಕಟ್ಟಿಕೊಂಡು ದಿನಾ ಬರುವ ಮಾತಿಗೂ ಸಮಾಧಾನದ ಪ್ರಶ್ನೆ ಸಾಲುವುದಿಲ್ಲ, ಅವರಿಗೆ ಅದೇ ಹೊಸ ಆಟವಾಗುತ್ತದೆ. ಹಾಗಾದಾಗ ಬೇಕಾದದ್ದು ಬರವಣಿಗೆ. ಮೊದಲ ವರ್ಷದ ಹುಡುಗಿಯೊಬ್ಬಳು ನನ್ನ ಬಳಿ ಬಂದು, ಹಾಸ್ಟೆಲಿನಲ್ಲಿ ತನ್ನ ಹಲ್ಲಿನ ಬಗ್ಗೆ ದಿನಾ ಆಡಿಕೊಳ್ಳುತ್ತಾರೆ ಎಂದಾಗ ನಾನು ಅವಳಿಗೆ ಕೊಟ್ಟದ್ದು ನನ್ನ ಸಂಶೋಧನೆಯ ಅಭ್ಯಾಸವನ್ನೇ. ‘ಅವಮಾನ ಮಾಡಿದರು’ ಎಂದು ಬರೆಯಬೇಡ. ಅವರು ಆಡಿದ ಪದ ಯಾವುದೋ ಅದನ್ನೇ ಬರೆ. ತಾರೀಖು, ಜಾಗ, ಅಲ್ಲಿದ್ದವರ ಹೆಸರು ಬರೆ. ಪದವನ್ನು ಯಥಾವತ್ತಾಗಿ ಬರೆದಾಗ “ತಮಾಷೆಗೆ ಅಂದದ್ದು” ಎಂಬ ಸಮಜಾಯಿಷಿ ತೆಳುವಾಗುತ್ತದೆ.

ಅವಳಿಗೆ ಗೊತ್ತಿಲ್ಲದಿದ್ದ ಇನ್ನೊಂದು ಸಂಗತಿ ಇತ್ತು, ಬಹಳ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ರ‍್ಯಾಗಿಂಗ್ ತಡೆಯಲು ಯುಜಿಸಿ 2009ರಲ್ಲಿ ತಂದ ನಿಯಮಗಳಿಗೆ 2016ರಲ್ಲಿ ಒಂದು ತಿದ್ದುಪಡಿಯಾಯಿತು. ಬಣ್ಣ, ಜಾತಿ, ಧರ್ಮ, ಲಿಂಗ, ಭಾಷೆ ಮುಂತಾದವುಗಳ ಜೊತೆಗೆ ‘ರೂಪ’ವನ್ನೂ ಅಲ್ಲಿ ಹೆಸರಿಸಿದ್ದಾರೆ. ಒಬ್ಬ ವಿದ್ಯಾರ್ಥಿಯನ್ನು ಅವನ ಅಥವಾ ಅವಳ ರೂಪದ ಕಾರಣಕ್ಕೆ ಮಾನಸಿಕವಾಗಿ ಹಿಂಸಿಸುವುದು, ಗುಂಪಿನಿಂದ ಹೊರಗಿಡುವುದು ರ‍್ಯಾಗಿಂಗ್ ಎಂದೇ ಎಣಿಕೆ. ಹೊಸಬರಾಗಿರಬೇಕು ಎಂದೂ ಇಲ್ಲ. ಸಹಾಯವಾಣಿಯ ಸಂಖ್ಯೆ 1800-180-5522. ಅತ್ತೆಗೆ ಇದು ಅನ್ವಯಿಸುವುದಿಲ್ಲ, ನಿಜ. ಹಾಸ್ಟೆಲಿಗೆ ಅನ್ವಯಿಸುತ್ತದೆ.

ಆ ಹುಡುಗಿ ಎರಡು ವಾರ ಬರೆದಳು. ನಂತರ ಪುಸ್ತಕ ತಂದು ತೋರಿಸಿದಳು. ಹನ್ನೊಂದು ನಮೂದುಗಳಲ್ಲಿ ಒಂಬತ್ತು ಒಬ್ಬಳೇ ಹುಡುಗಿಯ ಬಾಯಿಂದ ಬಂದವು. ಇಡೀ ಹಾಸ್ಟೆಲೇ ತನ್ನ ಹಲ್ಲು ನೋಡುತ್ತಿದೆ ಎಂದು ನಂಬಿದ್ದವಳಿಗೆ ಅದು ಹೊಸ ಸುದ್ದಿ. “ಅಕ್ಕ, ಇವಳೊಬ್ಬಳ ಹತ್ರ ಮಾತಾಡಿ ನೋಡ್ಲಾ? ಆಗ್ಲಿಲ್ಲ ಅಂದ್ರೆ ವಾರ್ಡನ್‌ಗೆ ಕೊಡ್ತೀನಿ” ಎಂದಳು. ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಹೋದಳು.